ಸೂಚನೆ ಓದುವ ಮೊದಲೇ ದಾರಿ ಹೇಳುವ ಪಟ್ಟಿ

ನೂರು ಸಂಖ್ಯೆಗಳನ್ನು ಒಂದೊಂದಾಗಿ ತೆಗೆದು ಕೂಡಿಸುವ ಚಿಕ್ಕ ಪ್ರೋಗ್ರಾಂ ಇದೆ ಎಂದುಕೊಳ್ಳಿ. ನಾವು ಅದನ್ನು ಯಾವ ಭಾಷೆಯಲ್ಲಿ ಬರೆದರೂ ಕೊನೆಗೆ ಪ್ರೊಸೆಸರ್‌ಗೆ ತಲುಪುವುದು ಹೆಚ್ಚುಕಡಿಮೆ ಇಂಥ ನಾಲ್ಕು ಸೂಚನೆಗಳು:

```
0x1000  lw   t0, 0(a0)
0x1004  addi a0, a0, 4
0x1008  add  s0, s0, t0
0x100c  bne  a0, a1, 0x1000
```

ಎಡಗಡೆ ಇರುವುದು ಮೆಮೊರಿಯಲ್ಲಿ ಆ ಸೂಚನೆ ಕೂತಿರುವ ವಿಳಾಸ. ಮೊದಲನೆಯ ಸೂಚನೆ ಒಂದು ಸಂಖ್ಯೆಯನ್ನು ತರುತ್ತದೆ, ಎರಡನೆಯದು ಮುಂದಿನ ಸಂಖ್ಯೆಯ ಜಾಗಕ್ಕೆ ಸರಿಯುತ್ತದೆ, ಮೂರನೆಯದು ಕೂಡಿಸುತ್ತದೆ. ನಾಲ್ಕನೆಯದು ಬ್ರಾಂಚ್, ಅಂದರೆ ಕವಲು. ಸಂಖ್ಯೆಗಳು ಇನ್ನೂ ಉಳಿದಿದ್ದರೆ 0x1000ಕ್ಕೆ ಹಿಂದಿರುಗಬೇಕು, ಮುಗಿದಿದ್ದರೆ ಮುಂದಿನ 0x1010ಕ್ಕೆ ಹೋಗಬೇಕು. ಈ ಕವಲು ನೂರು ಸಲ ಎದುರಾಗುತ್ತದೆ, ಅದರಲ್ಲಿ 99 ಸಲ ಹಿಂದಕ್ಕೇ ನೆಗೆಯುತ್ತದೆ. ಆ ನೆಗೆತಕ್ಕೆ ಪ್ರೊಸೆಸರ್ ತೆರುವ ದಂಡ ಎಷ್ಟು, ಅದನ್ನು ಒಂದು ಪುಟ್ಟ ಪಟ್ಟಿ ಹೇಗೆ ಉಳಿಸುತ್ತದೆ ಎಂಬುದನ್ನು ಈ ನಾಲ್ಕೇ ಸಾಲಿನಲ್ಲಿ ನೋಡಬಹುದು.

ಪ್ರೊಸೆಸರ್ ಒಂದು ಸೂಚನೆಯನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುವುದಿಲ್ಲ. ಕೆಲಸವನ್ನು ಹಂತಗಳಾಗಿ ಒಡೆದುಕೊಂಡಿರುತ್ತದೆ. ಪಠ್ಯಪುಸ್ತಕಗಳಲ್ಲಿ ಬರುವ ಐದು ಹಂತದ ಪೈಪ್‌ಲೈನನ್ನೇ ತೆಗೆದುಕೊಳ್ಳೋಣ. ಮೊದಲ ಹಂತ ಫೆಚ್, ಅಲ್ಲಿ ಸೂಚನೆಯನ್ನು ಮೆಮೊರಿಯಿಂದ ತರಲಾಗುತ್ತದೆ. ಎರಡನೆಯದು ಡಿಕೋಡ್, ಅಲ್ಲಿ ಅದು ಏನೆಂದು ಓದಲಾಗುತ್ತದೆ. ಮೂರನೆಯದು ಎಕ್ಸಿಕ್ಯೂಟ್, ಲೆಕ್ಕ ನಡೆಯುವುದು ಅಲ್ಲಿ. ಉಳಿದೆರಡು ಹಂತಗಳು ನಮ್ಮ ಕಥೆಗೆ ಬೇಕಿಲ್ಲ. ಗಡಿಯಾರದ ಒಂದೊಂದು ಸೈಕಲ್‌ಗೂ ಪ್ರತಿ ಸೂಚನೆ ಒಂದು ಹಂತ ಮುಂದೆ ಸರಿಯುತ್ತದೆ, ಹಿಂದೆಯೇ ಹೊಸದೊಂದು ಒಳಗೆ ಬರುತ್ತದೆ.

ಒಳಗೆ ಬರಬೇಕಾದ ಆ ಹೊಸ ಸೂಚನೆ ಯಾವುದು? ತೊಡಕು ಇರುವುದು ಇಲ್ಲೇ. `bne` ನೆಗೆಯುತ್ತದೋ ಇಲ್ಲವೋ ಎಂಬುದು ತಿಳಿಯುವುದು ಅದು ಮೂರನೆಯ ಹಂತಕ್ಕೆ ಬಂದಾಗ. ಅಷ್ಟರೊಳಗೆ ಫೆಚ್ ಸುಮ್ಮನೆ ಕೂತಿರುವುದಿಲ್ಲ, ಸಾಲಿನಲ್ಲಿ ಮುಂದಿರುವ 0x1010 ಮತ್ತು 0x1014ರ ಸೂಚನೆಗಳನ್ನು ತಂದುಬಿಟ್ಟಿರುತ್ತದೆ. ನೆಗೆಯಬೇಕು ಎಂದು ಗೊತ್ತಾದ ಕೂಡಲೇ ಆ ಎರಡನ್ನೂ ಎಸೆಯಬೇಕು. ಒಂದು ನೆಗೆತಕ್ಕೆ ಎರಡು ಸೈಕಲ್ ದಂಡ. ನಮ್ಮ ಲೂಪಿನಲ್ಲಿ ಉಪಯುಕ್ತ ಕೆಲಸ 400 ಸೈಕಲ್‌ಗಳದ್ದು, 99 ನೆಗೆತಗಳ ದಂಡ 198 ಸೈಕಲ್. ಮೂರನೆಯ ಒಂದು ಭಾಗದಷ್ಟು ಸಮಯ ತಂದು ಎಸೆಯುವುದಕ್ಕೇ ಹೋಯಿತು.

ಹೋಲಿಕೆಯ ಲೆಕ್ಕವನ್ನು ಡಿಕೋಡ್ ಹಂತಕ್ಕೆ ತಂದರೂ ಒಂದು ಸೈಕಲ್ ಹೋಗಿಯೇ ಹೋಗುತ್ತದೆ. ದಂಡ ಸೊನ್ನೆಯಾಗಬೇಕಿದ್ದರೆ `bne` ಅನ್ನು ತರುತ್ತಿರುವ ಅದೇ ಸೈಕಲ್‌ನಲ್ಲಿ ಮುಂದಿನ ವಿಳಾಸ ಸಿಕ್ಕಿರಬೇಕು. ಆಗ ಆ ಸೂಚನೆಯನ್ನು ಇನ್ನೂ ಓದಿಯೇ ಇಲ್ಲ, ಅದೊಂದು ಕವಲು ಎಂಬುದೂ ಗೊತ್ತಿಲ್ಲ. ಕೈಯಲ್ಲಿರುವುದು ಅದರ ವಿಳಾಸ ಮಾತ್ರ.

ಆ ವಿಳಾಸವೇ ಸಾಕು ಎಂಬುದು ಬ್ರಾಂಚ್ ಟಾರ್ಗೆಟ್ ಬಫರ್‌ನ ಹಿಂದಿರುವ ವಿಚಾರ. ಹಳೆಯ ಅಂಚೆಯಣ್ಣನನ್ನು ನೆನಪಿಸಿಕೊಳ್ಳಿ. ಲಕೋಟೆಯ ಮೇಲಿನ ಮನೆ ನಂಬರ್ ನೋಡಿದರೆ ಸಾಕು, ಆ ಮನೆಯವರು ಎಲ್ಲಿಗೆ ಹೋಗಿದ್ದಾರೆಂದು ಅವನಿಗೆ ಗೊತ್ತು, ಕಾಗದ ಒಡೆದು ಓದಬೇಕಿಲ್ಲ. ಈ ಬಫರ್ ಕೂಡ ಅಂಥದೇ ಪಟ್ಟಿ. ಒಂದೊಂದು ನಮೂದಿನಲ್ಲೂ ಎರಡು ಸಂಗತಿಗಳಿರುತ್ತವೆ: ಕವಲು ಇರುವ ವಿಳಾಸದ ಗುರುತು, ಹಿಂದಿನ ಸಲ ಅದು ನೆಗೆದುಹೋದ ಜಾಗ. ನೆಗೆಯದ ಕವಲನ್ನು ಬರೆದಿಡಬೇಕಿಲ್ಲ, ಅದರ ಮುಂದಿನ ದಾರಿ ಹೇಗೂ ನೇರವಾದದ್ದು. ಜಾನಿ ಲೀ ಮತ್ತು ಅಲನ್ ಜೇ ಸ್ಮಿತ್ 1984ರಲ್ಲಿ ಐಟ್ರಿಪಲ್‌ಇ ಕಂಪ್ಯೂಟರ್ ಪತ್ರಿಕೆಯಲ್ಲಿ ಈ ಬಫರ್‌ನ ವಿನ್ಯಾಸವನ್ನು ವಿವರವಾಗಿ ಚರ್ಚಿಸಿದ್ದರು.

ನಮ್ಮ ಪಟ್ಟಿಯಲ್ಲಿ 512 ಜಾಗಗಳಿವೆ ಎಂದಿಟ್ಟುಕೊಳ್ಳೋಣ. ಎಲ್ಲವನ್ನೂ ಹುಡುಕುತ್ತ ಕೂರಲು ಸಮಯವಿಲ್ಲ, ಆದ್ದರಿಂದ ಯಾವ ಜಾಗದಲ್ಲಿ ನೋಡಬೇಕೆಂದು ವಿಳಾಸವೇ ಹೇಳುತ್ತದೆ. ಸೂಚನೆಗಳು ನಾಲ್ಕು ನಾಲ್ಕು ಬೈಟ್‌ಗೆ ಒಂದರಂತೆ ಇರುವುದರಿಂದ 0x100cಯನ್ನು ನಾಲ್ಕರಿಂದ ಭಾಗಿಸಿದರೆ 1027 ಬರುತ್ತದೆ. ಅದನ್ನು 512ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 3. ಶೇಷವೇ ಜಾಗದ ಸಂಖ್ಯೆ, ಭಾಗಲಬ್ಧವೇ ಗುರುತು. ಚಿಪ್‌ನಲ್ಲಿ ಭಾಗಾಕಾರವೇನೂ ನಡೆಯುವುದಿಲ್ಲ, ವಿಳಾಸದ ಬಿಟ್‌ಗಳನ್ನು ತುಂಡು ಮಾಡಿಕೊಂಡರೆ ಇವೆರಡೂ ಸಿಗುತ್ತವೆ.

ಈಗ ಲೂಪ್ ಓಡಲಿ. ಪ್ರತಿಯೊಂದು ಸೂಚನೆಯನ್ನು ತರುವಾಗಲೂ, ಅದು ಕವಲಾಗಿರಲಿ ಬಿಡಲಿ, ಜೊತೆಜೊತೆಗೇ ಪಟ್ಟಿಯನ್ನೂ ನೋಡಲಾಗುತ್ತದೆ. ಮೊದಲ ಸುತ್ತಿನಲ್ಲಿ 0x100cಗೆ ಬಂದಾಗ ಮೂರನೆಯ ಜಾಗ ಖಾಲಿ. ಫೆಚ್ ನೇರ ಹೋಗುತ್ತದೆ, ಎರಡು ಸೈಕಲ್ ದಂಡ ಬೀಳುತ್ತದೆ. ಆದರೆ ಪಾಠ ಕಲಿತಾಯಿತು: ಮೂರನೆಯ ಜಾಗದಲ್ಲಿ ಗುರುತು 2, ಗುರಿ 0x1000 ಎಂದು ಬರೆದುಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಗುರುತು ತಾಳೆಯಾಗುತ್ತದೆ, ಮರುಸೈಕಲ್‌ನಲ್ಲೇ 0x1000ರ ಸೂಚನೆ ಬರುತ್ತದೆ. ದಂಡ ಸೊನ್ನೆ. 99ನೆಯ ಸುತ್ತಿನವರೆಗೂ ಹೀಗೆಯೇ. ನೂರನೆಯ ಸುತ್ತಿನಲ್ಲಿ ಪಟ್ಟಿ ಮತ್ತೆ ಹಿಂದಕ್ಕೆ ಕಳಿಸುತ್ತದೆ, ಲೂಪ್ ಮುಗಿದಿರುವುದರಿಂದ ಆ ಊಹೆ ತಪ್ಪಾಗಿ ಇನ್ನೆರಡು ಸೈಕಲ್ ಹೋಗುತ್ತವೆ. ಒಟ್ಟು ದಂಡ 198ರಿಂದ 4ಕ್ಕೆ ಇಳಿಯಿತು.

ಕೊನೆಯ ಆ ಒಂದು ತಪ್ಪಿಗೆ ನಮೂದನ್ನು ಅಳಿಸಿಬಿಟ್ಟರೆ, ಪ್ರೋಗ್ರಾಂ ಇದೇ ಲೂಪಿಗೆ ಮತ್ತೆ ಬಂದಾಗ ಮೊದಲ ಸುತ್ತಿನ ದಂಡವನ್ನೂ ಮತ್ತೆ ತೆರಬೇಕಾಗುತ್ತದೆ. ಆದ್ದರಿಂದ ನಮೂದಿನ ಜೊತೆ ಎರಡು ಬಿಟ್‌ನ ಎಣಿಕೆಯೊಂದನ್ನು ಇಡುವುದುಂಟು. ಸತತವಾಗಿ ನೆಗೆಯುತ್ತ ಬಂದ ಕವಲು ಒಮ್ಮೆ ನೆಗೆಯದಿದ್ದರೆ ಅದು ಮನಸ್ಸು ಬದಲಿಸುವುದಿಲ್ಲ, ಎರಡು ಸಲ ಸತತವಾಗಿ ತಪ್ಪಿದರೆ ಮಾತ್ರ ಬದಲಿಸುತ್ತದೆ.

ಪಟ್ಟಿ ಸೋಲುವ ಕಡೆಗಳೂ ಇವೆ. 0x180cಯಲ್ಲಿ ಇನ್ನೊಂದು ಕವಲಿದೆ ಎನ್ನಿ. ನಾಲ್ಕರಿಂದ ಭಾಗಿಸಿದರೆ 1539, ಅಂದರೆ ಗುರುತು 3, ಜಾಗ ಮತ್ತದೇ ಮೂರನೆಯದು. ಇವೆರಡೂ ಒಂದಾದ ಮೇಲೊಂದು ಓಡುತ್ತಿದ್ದರೆ ಪ್ರತಿ ಸಲವೂ ಒಂದು ಇನ್ನೊಂದನ್ನು ಪಟ್ಟಿಯಿಂದ ಹೊರದಬ್ಬುತ್ತದೆ. ಎರಡೂ ತಪ್ಪದೆ ನೆಗೆಯುವ ಕವಲುಗಳೇ ಆಗಿದ್ದರೂ ಪ್ರತಿ ಸಲ ದಂಡ. ಇದಕ್ಕೆ ಮದ್ದು, ಒಂದೇ ಜಾಗದಲ್ಲಿ ಹಲವು ನಮೂದುಗಳಿಗೆ ಆಸರೆ ಕೊಡುವುದು. 1993ರ ಪೆಂಟಿಯಂನ ಬಫರ್‌ನಲ್ಲಿದ್ದ 256 ನಮೂದುಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿದ್ದು ಇದಕ್ಕೇ.

ಇನ್ನೊಂದು ಸೋಲು ಫಂಕ್ಷನ್ ಮುಗಿದು ಕರೆದವರ ಬಳಿಗೆ ಹಿಂದಿರುಗುವ `ret` ಸೂಚನೆಯದು. ಒಂದೇ ಫಂಕ್ಷನನ್ನು ಎರಡು ಕಡೆಯಿಂದ ಸರದಿಯ ಮೇಲೆ ಕರೆದರೆ, ಪಟ್ಟಿ ಹಿಂದಿನ ಸಲ ಕರೆದವರ ವಿಳಾಸವನ್ನೇ ಹೇಳುತ್ತದೆ, ಪ್ರತಿ ಸಲವೂ ತಪ್ಪುತ್ತದೆ. ಹಾಗಾಗಿ ಹಿಂದಿರುಗುವ ವಿಳಾಸಗಳಿಗೆಂದೇ ಪ್ರೊಸೆಸರ್‌ಗಳು ಬೇರೆ ಪುಟ್ಟ ಸ್ಟ್ಯಾಕ್ ಇಟ್ಟುಕೊಳ್ಳುತ್ತವೆ. ಫಂಕ್ಷನನ್ನು ಕರೆದಾಗ ವಿಳಾಸವನ್ನು ಅದರ ಮೇಲಿಡುತ್ತವೆ, ಹಿಂದಿರುಗುವಾಗ ಮೇಲಿನದನ್ನು ತೆಗೆಯುತ್ತವೆ.

ಇಂದಿನ ಪೈಪ್‌ಲೈನ್‌ಗಳು ಐದು ಹಂತಕ್ಕಿಂತ ಬಹಳ ಉದ್ದವಾದ್ದರಿಂದ ತಪ್ಪಿದ ಊಹೆಯ ದಂಡವೂ ಹೆಚ್ಚು. ನಿಮ್ಮ ಪ್ರೋಗ್ರಾಂ ಎಷ್ಟು ದಂಡ ತೆರುತ್ತಿದೆ ಎಂದು ಲಿನಕ್ಸ್‌ನಲ್ಲಿ ಹೀಗೆ ನೋಡಬಹುದು:

```
perf stat -e branches,branch-misses ./sum
```

ಎರಡನೆಯ ಅಂಕಿ ತಪ್ಪಿದ ಊಹೆಗಳ ಎಣಿಕೆ. ಆದರೆ ಎಷ್ಟು ತಪ್ಪಿದರೂ ಮೊತ್ತ ತಪ್ಪುವುದಿಲ್ಲ. ಪಟ್ಟಿ ಹೇಳಿದ್ದನ್ನು ಎಕ್ಸಿಕ್ಯೂಟ್ ಹಂತ ಪ್ರತಿ ಸಲವೂ ಪರೀಕ್ಷಿಸುತ್ತದೆ, ತಪ್ಪು ದಾರಿಯಲ್ಲಿ ತಂದ ಸೂಚನೆಗಳು ರಿಜಿಸ್ಟರ್ ಮುಟ್ಟುವ ಮೊದಲೇ ಅವನ್ನು ಎಸೆಯುತ್ತದೆ. ಆ ಕಾವಲು ಇರುವುದರಿಂದಲೇ ಫೆಚ್ ಹಂತ ಓದದ ಸೂಚನೆಯ ಬಗ್ಗೆ ಧೈರ್ಯವಾಗಿ ಊಹಿಸಬಲ್ಲದು.