ಗೋಡೆ ಅಳಿಸಿದರೂ ಉಳಿಯುವ ಬಿಳಿ ಗೆರೆ

ಸರ್ಕಲ್‌ಗಳಲ್ಲಿ ಕಟ್ಟಿರುವ ಹುಟ್ಟುಹಬ್ಬದ ಫ್ಲೆಕ್ಸ್‌ಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆಲವು ಮುಖಗಳ ಸುತ್ತ ಗರಗಸದ ಹಲ್ಲಿನಂಥ ಅಂಚು ಕಾಣುತ್ತದೆ, ಕೆಲವಕ್ಕೆ ಬೆಳ್ಳನೆಯ ಗೆರೆ ಸುತ್ತಿಕೊಂಡಿರುತ್ತದೆ. ಎರಡೂ ಹಿನ್ನೆಲೆ ಅಳಿಸುವಾಗ ಆಗುವ ಎಡವಟ್ಟುಗಳೇ. ಆದರೆ ಮೊದಲನೆಯದಕ್ಕೆ ಮಾಡಿದ ಮದ್ದು ಎಷ್ಟೋ ಸಲ ಎರಡನೆಯದನ್ನು ಹುಟ್ಟಿಸುತ್ತದೆ.

ಡಿಜಿಟಲ್ ಚಿತ್ರವೆಂದರೆ ಚೌಕಾಕಾರದ ಪಿಕ್ಸೆಲ್‌ಗಳ ಸಾಲು. ಭುಜದ ಓರೆ ಗೆರೆ ಒಂದು ಪಿಕ್ಸೆಲ್‌ನ ನಡುವೆ ಹಾದುಹೋದಾಗ, ಅದನ್ನು ಇಡಿಯಾಗಿ ಉಳಿಸಿದರೂ ಇಡಿಯಾಗಿ ಅಳಿಸಿದರೂ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಅಂಥ ಪಿಕ್ಸೆಲ್ಲನ್ನು ಅರೆಪಾರದರ್ಶಕ ಮಾಡಿದರೆ ಕಣ್ಣಿಗೆ ಗೆರೆ ನಯವಾಗಿ ಕಾಣುತ್ತದೆ. ಆಂಟಿ-ಏಲಿಯಾಸಿಂಗ್ ಈ ಕೆಲಸವನ್ನು ಸುಮಾರು ಒಂದು ಪಿಕ್ಸೆಲ್ ಅಗಲಕ್ಕೆ ಮಾಡಿದರೆ, ಫೆದರ್ ನಾವು ಹೇಳಿದಷ್ಟು ಅಗಲಕ್ಕೆ ಮಾಡುತ್ತದೆ.

ಫೆದರ್ ಹರಡುವುದು ಆಯ್ಕೆಯ ಗೆರೆಯ ಎರಡೂ ಬದಿಗೆ ಎಂಬುದನ್ನು ಮರೆಯಬಾರದು. ಒಳಗಿನ ವ್ಯಕ್ತಿ ಸ್ವಲ್ಪ ಮಸುಕಾಗುವಂತೆಯೇ ಹೊರಗಿನ ಹಳೆಯ ಗೋಡೆಯೂ ಸ್ವಲ್ಪ ಉಳಿದುಕೊಳ್ಳುತ್ತದೆ. ಸಾಲದ್ದಕ್ಕೆ ಅಂಚಿನ ಪಿಕ್ಸೆಲ್‌ಗಳಲ್ಲಿ ಬಣ್ಣ ಮೊದಲೇ ಬೆರೆತಿರುತ್ತದೆ. ಬಿಳಿ ಗೋಡೆಯ ಮುಂದೆ ಕಪ್ಪು ಕೋಟು ತೊಟ್ಟು ನಿಂತವರ ಫೋಟೊದಲ್ಲಿ ಕೋಟಿನ ಅಂಚು ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಬೂದಿ. ಅದನ್ನು ಕಡುಗೆಂಪು ಹಿನ್ನೆಲೆಯ ಮೇಲೆ ಕೂರಿಸಿದರೆ ಬೂದಿ ಬಣ್ಣವೇ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಫೆದರ್ ಹೆಚ್ಚಿಸಿದಷ್ಟೂ ಗೆರೆ ದಪ್ಪವಾಗುತ್ತದೆ.

ಆದ್ದರಿಂದ ಮೊದಲು ಕತ್ತರಿಯನ್ನು ವ್ಯಕ್ತಿಯ ಮೈಯೊಳಕ್ಕೆ ಒಂದಿಷ್ಟು ಸರಿಸಬೇಕು, ಮೆದುಗೊಳಿಸುವುದು ಆಮೇಲೆ. ಉಚಿತವಾಗಿ ಸಿಗುವ GIMP ತಂತ್ರಾಂಶದಲ್ಲಿ ಇದೇ ಕೋಟಿನ ಫೋಟೊ ತೆರೆದಿದ್ದೀರಿ, ಅದರ ಅಗಲ 1200 ಪಿಕ್ಸೆಲ್ ಎಂದುಕೊಳ್ಳಿ. Layer > Transparency > Add Alpha Channel ಒತ್ತಿ. ಇದನ್ನು ಬಿಟ್ಟರೆ ಅಳಿಸಿದ ಜಾಗ ಖಾಲಿಯಾಗುವ ಬದಲು ಇನ್ನಾವುದೋ ಬಣ್ಣ ತುಂಬಿಕೊಳ್ಳುತ್ತದೆ. Fuzzy Select ಉಪಕರಣದಿಂದ ಗೋಡೆಯನ್ನು ಆಯ್ದುಕೊಳ್ಳಿ. ಈಗ Select > Grow ನಲ್ಲಿ 1 ಅಥವಾ 2 ಪಿಕ್ಸೆಲ್ ಕೊಟ್ಟರೆ ಆಯ್ಕೆ ಬೂದಿ ಅಂಚನ್ನೂ ನುಂಗುತ್ತದೆ. ನಂತರ Select > Feather ನಲ್ಲಿ 2 ಪಿಕ್ಸೆಲ್ ಕೊಡಿ. ಗೋಡೆಯ ಬದಲು ವ್ಯಕ್ತಿಯನ್ನೇ ಆಯ್ದಿದ್ದರೆ Grow ಬದಲಿಗೆ Shrink ಬಳಸಿ, ಫೆದರ್ ಆದ ಮೇಲೆ Ctrl+I ಒತ್ತಿ ಆಯ್ಕೆಯನ್ನು ತಿರುವುಮುರುವು ಮಾಡಬೇಕು.

ಫೆದರ್ ಕೊಟ್ಟ ಮೇಲೂ ಪರದೆಯ ಮೇಲಿನ ಚುಕ್ಕೆಗೆರೆ ಒಂದೇ ಗೆರೆಯಾಗಿ ಓಡುತ್ತಿರುತ್ತದೆ. ಅದು ಅರ್ಧದಷ್ಟು ಆಯ್ಕೆಯಾದ ಜಾಗವನ್ನಷ್ಟೇ ತೋರಿಸುತ್ತದೆ. ಮೆದು ಅಂಚು ನಿಜಕ್ಕೂ ಎಷ್ಟಗಲವಿದೆ ಎಂದು ನೋಡಲು Shift+Q ಒತ್ತಿದರೆ ಆಯ್ಕೆಯಾಗದ ಭಾಗ ಕೆಂಪಾಗಿ ಕಾಣುತ್ತದೆ. ಮತ್ತೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ.

ಆಮೇಲೆ Delete. ಒಂದೇ ಸಲ! ಹಲವರು ಎಡವುವುದು ಇಲ್ಲಿಯೇ. ಅರ್ಧ ಆಯ್ಕೆಯಾದ ಪಿಕ್ಸೆಲ್‌ನಲ್ಲಿ ಮೊದಲ ಒತ್ತಿಗೆ ಶೇ. 50 ಉಳಿಯುತ್ತದೆ. ಅಂಚು ಪೂರ್ತಿ ಹೋಗಿಲ್ಲವೆಂದು ಇನ್ನೊಮ್ಮೆ ಒತ್ತಿದರೆ ಶೇ. 25, ಮೂರನೆಯ ಸಲಕ್ಕೆ ಶೇ. 12.5. ಒಂದೊಂದು ಒತ್ತಿಗೂ ಅಂಚು ಒಳಕ್ಕೆ ಸರಿದು ಕಿವಿ, ಬೆರಳು ಸಣ್ಣಗಾಗುತ್ತವೆ.

2 ಪಿಕ್ಸೆಲ್ ಎಂಬುದು ಈ ಅಳತೆಯ ಫೋಟೊಗೆ ಹೇಳಿದ ಲೆಕ್ಕ. 4000 ಪಿಕ್ಸೆಲ್ ಅಗಲದ ಫೋಟೊದಲ್ಲಿ ಅಷ್ಟೇ ಫೆದರ್ ಕಣ್ಣಿಗೆ ಬೀಳುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಪುಟ್ಟ ಚಿತ್ರದಲ್ಲಿ ಅದೇ ಅತಿಯಾಗುತ್ತದೆ. ಕೂದಲಿಗಂತೂ ಈ ಉಪಾಯ ಒಗ್ಗುವುದಿಲ್ಲ. ಎಳೆಗಳೆಲ್ಲ ಕರಗಿ ತಲೆಯ ಸುತ್ತ ಹೊಗೆ ಎದ್ದಂತೆ ಕಾಣುತ್ತದೆ. ತಲೆಯ ಭಾಗಕ್ಕೆ ಲೇಯರ್ ಮಾಸ್ಕ್ ಹಾಕಿ ಸಣ್ಣ, ಮೆದು ಬ್ರಷ್‌ನಿಂದ ಕೈಯಾರೆ ತಿದ್ದುವುದೇ ವಾಸಿ. ಅಳಿಸಿದ್ದು ಹೋಯಿತು, ಮಾಸ್ಕಿನಲ್ಲಿ ಮುಚ್ಚಿದ್ದನ್ನು ಮತ್ತೆ ತೆರೆಯಬಹುದು.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಕೆಳಗೆ ಒಂದು ಕಡುಬಣ್ಣದ ಲೇಯರ್, ಆಮೇಲೆ ಒಂದು ಬಿಳಿ ಲೇಯರ್ ಇಟ್ಟು ನೋಡಿ. ಕಡುಬಣ್ಣದ ಮೇಲೆ ಉಳಿದ ಗೋಡೆ ಸಿಕ್ಕಿಬೀಳುತ್ತದೆ, ಬಿಳಿಯ ಮೇಲೆ ಕಪ್ಪು ಕೋಟಿನ ಮಸುಕು ತಿಳಿಯುತ್ತದೆ. ಪರದೆಯಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ ಕೊರಗುವ ಅಗತ್ಯವಿಲ್ಲ, 100% ಗಾತ್ರದಲ್ಲಿ ಚೆನ್ನಾಗಿದ್ದರೆ ಬಹುತೇಕ ಕೆಲಸಗಳಿಗೆ ಸಾಕು.

ಉಳಿಸುವಾಗ PNG ಆರಿಸಿಕೊಳ್ಳಿ. JPG ಗೆ ಪಾರದರ್ಶಕತೆಯೇ ಗೊತ್ತಿಲ್ಲ. GIF ನಲ್ಲಿ ಪಿಕ್ಸೆಲ್ ಒಂದೋ ಇರುತ್ತದೆ, ಇಲ್ಲವೇ ಇರುವುದಿಲ್ಲ. ಹಾಗಾಗಿ ಫೆದರ್ ಮಾಡಿದ ಅಂಚನ್ನು ಅದರಲ್ಲಿ ಉಳಿಸಿದರೆ ಹಲ್ಲುಗಳು ಮರಳಿ ಬರುತ್ತವೆ.