ಕಣ್ಣು ಕನ್ನಡ, ಬೆಣ್ಣೆ ಕನ್ನಡ, ಸುಣ್ಣ?

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಭೇದಭಾವದ ಬಗ್ಗೆ ನಾವು ದಿನಾ ಆಡುವ ಈ ಗಾದೆಯ ಒಳಗೇ ಒಂದು ಭೇದ ಅಡಗಿ ಕೂತಿದೆ! ಕಣ್ಣು, ಬೆಣ್ಣೆ, ಸುಣ್ಣ ಮೂರನ್ನೂ ಹೇಳಿ ನೋಡಿ. ಮೂರರಲ್ಲೂ ಅದೇ ಣ್ಣ. ಒಂದರಲ್ಲೂ ಮಹಾಪ್ರಾಣವಿಲ್ಲ, ಶ-ಷಗಳಿಲ್ಲ, ಮೊದಲಿಗೇ ಒತ್ತಕ್ಷರವಿಲ್ಲ. ಮೂರೂ ಒಡಹುಟ್ಟಿದವು ಎಂದು ಯಾರಾದರೂ ಆಣೆ ಮಾಡಿಯಾರು. ಆದರೆ ಕಣ್ಣು, ಬೆಣ್ಣೆ ಅಚ್ಚಗನ್ನಡ. ಸುಣ್ಣ ಸಂಸ್ಕೃತದ ಚೂರ್ಣ.

ಶಾಲೆಯಲ್ಲಿ ಕಲಿತ ಜರಡಿ ಇಲ್ಲಿ ಏಕೆ ಸೋಲುತ್ತದೆ? ಭೂಮಿ, ಋತು, ಪ್ರಾಣ, ದುಃಖ ಇಂಥವನ್ನು ಆ ಜರಡಿ ತಕ್ಷಣ ಹಿಡಿಯುತ್ತದೆ, ಏಕೆಂದರೆ ಅವು ಸಂಸ್ಕೃತದ ಉಡುಪಿನಲ್ಲೇ ಬಂದ ತತ್ಸಮಗಳು. ಸುಣ್ಣದಂಥ ತದ್ಭವಗಳು ಉಡುಪು ಬದಲಿಸಿ ಬಂದಿವೆ. ಕೇಶಿರಾಜ 13ನೆಯ ಶತಮಾನದಲ್ಲೇ 'ಶಬ್ದಮಣಿದರ್ಪಣ'ದಲ್ಲಿ ಇವಕ್ಕೆಂದು ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟ. ಹಾಗಾದರೆ ನಿಜವಾದ ಪರೀಕ್ಷೆಗೆ ಇಳಿಯೋಣ. ಒಂದು ಪಟ್ಟಿ ಹಿಡಿಯಿರಿ: ಕಣ್ಣು, ಹಣ್ಣು, ಮಣ್ಣು, ಹೆಣ್ಣು, ಹುಣ್ಣು, ಬೆಣ್ಣೆ, ಎಣ್ಣೆ, ಅಣ್ಣ, ಬಣ್ಣ, ಸುಣ್ಣ, ಹುಣ್ಣಿಮೆ, ಪೆನ್ನು. ಕೊನೆಯದು ಯಾವ ಭಾಷೆಯದೆಂದು ಎಲ್ಲರಿಗೂ ಗೊತ್ತು, ನಿಜ. ಅದು ಅಲ್ಲೇ ಇರಲಿ, ಅದರಿಂದ ದೊಡ್ಡ ಕೆಲಸವಿದೆ.

ಮೊದಲು ಪದದ ಬಾಲ ನೋಡಿ. ಕಣ್ಣು, ಹಣ್ಣು, ಮಣ್ಣು, ಹೆಣ್ಣು, ಹುಣ್ಣು ಎಲ್ಲ ಉಕಾರದಲ್ಲಿ ಮುಗಿಯುತ್ತವೆ. ಬಣ್ಣ, ಸುಣ್ಣ ಅಕಾರದಲ್ಲಿ. ಇದು ಆಕಸ್ಮಿಕವೇ? ಖಂಡಿತ ಅಲ್ಲ! ಹಳಗನ್ನಡದಲ್ಲಿ ಮೊದಲ ಗುಂಪಿನವು ಕಣ್, ಪಣ್, ಮಣ್, ಪೆಣ್, ಪುಣ್ ಎಂದು ವ್ಯಂಜನದಲ್ಲೇ ನಿಲ್ಲುತ್ತಿದ್ದವು. ಮುಂದೆ ಕನ್ನಡಿಗರ ನಾಲಿಗೆ ಕೊನೆಗೊಂದು ಉ ಸೇರಿಸಿ, ಹ್ರಸ್ವಸ್ವರದ ಮುಂದಿನ ವ್ಯಂಜನವನ್ನು ಇಮ್ಮಡಿಸಿತು. ಆ ಹಳೆಯ ಕಣ್ ಇನ್ನೂ ಸತ್ತಿಲ್ಲ. ಕಣ್ಣಿನ ಬಹುವಚನ ಕಂಗಳು, ಕಣ್ಣ ಹನಿ ಕಂಬನಿ. ಪೆಣ್ ಎಂಬುದು ಹೆಂಗಸಿನಲ್ಲಿ ಉಸಿರಾಡುತ್ತಿದೆ. ಬಣ್ಣಕ್ಕೆ ಈ ಆಟ ಬರುವುದಿಲ್ಲ. ಬಣ್ಣಗಳು ಎನ್ನುತ್ತೇವೆಯೇ ಹೊರತು ಯಾರೂ 'ಬಂಗಳು' ಎನ್ನುವುದಿಲ್ಲ! ಏಕೆಂದರೆ ಒಳಗೆ 'ಬಣ್' ಎಂಬ ಬೇರು ಇರಲೇ ಇಲ್ಲ. ಇದ್ದದ್ದು ವರ್ಣ, ಅದರ ಕೊನೆಯ ಅ ಇವತ್ತಿಗೂ ಹಾಗೇ ಇದೆ.

ಬೆಣ್ಣೆ, ಎಣ್ಣೆಗಳನ್ನು ಬಿಡಿಸಿದರಂತೂ ಮೈ ಜುಂ ಎನ್ನುತ್ತದೆ. ಬೆಳ್ಳಿ, ಬೆಳ್ಳಗೆ ಎಂಬಲ್ಲಿರುವ ಬೆಳ್‌ಗೆ ನೆಯ್ ಸೇರಿದರೆ ಬೆಣ್ಣೆ. ಎಳ್ಳಿನ ನೆಯ್ ಎಣ್ಣೆ. ತಮಿಳರು, ಮಲಯಾಳಿಗಳು ಇವತ್ತಿಗೂ ತುಪ್ಪಕ್ಕೆ ನೆಯ್ ಎನ್ನುತ್ತಾರೆ. ನಮ್ಮ ಬಾಯಲ್ಲಿ ಆ ಪದ ಒಂಟಿಯಾಗಿ ಉಳಿದಿಲ್ಲ, ಈ ಎರಡು ಡಬ್ಬಿಗಳಲ್ಲಿ ಮಾತ್ರ ಕೆಡದೆ ಕೂತಿದೆ. ಕಡಲೆಕಾಯಿ ಎಣ್ಣೆ ಕೊಳ್ಳುವಾಗಲೂ ನಾವು ಎಳ್ಳಿನ ಹೆಸರು ಹೇಳುತ್ತಿದ್ದೇವೆ! ಪದ ಹೀಗೆ ಕನ್ನಡದ್ದೇ ತುಂಡುಗಳಾಗಿ ಬಿಚ್ಚಿಕೊಂಡರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಇನ್ನು ಬಣ್ಣದ ಗುಂಪು. ವರ್ಣ ಬಣ್ಣವಾಯಿತು ಎಂದರೆ ಒಂದು ಹೋಲಿಕೆ ಸಿಕ್ಕಿತು, ಅಷ್ಟೇ. ಒಂದು ಹೋಲಿಕೆಯನ್ನು ನಂಬಬಾರದು, ಸಾಲು ಬೇಕು. ಚೂರ್ಣ ಸುಣ್ಣವಾದಾಗಲೂ ರ್ಣ ಹೋಗಿ ಣ್ಣ ಬಂತು. ಪೂರ್ಣಿಮಾ ಹುಣ್ಣಿಮೆಯಾದಾಗಲೂ ಅದೇ. ಜೊತೆಗೆ ಚೂ, ಪೂ ಎಂಬ ದೀರ್ಘಗಳು ಒತ್ತಕ್ಷರದ ಮುಂದೆ ಸು, ಹು ಎಂದು ಕುಗ್ಗಿದವು. ಇದು ಪ್ರಾಕೃತದ ನಡೆ. ಈ ಪದಗಳು ನಮಗೆ ಬಂದದ್ದೂ ಬಹುಪಾಲು ಪ್ರಾಕೃತದ ದಾರಿಯಲ್ಲೇ. ಅದೇ ನಡೆಯಲ್ಲಿ ಕಾರ್ಯ ಕಜ್ಜವಾಯಿತು, ಆರ್ಯ ಅಜ್ಜನಾದ. ಅಂದರೆ ಒಂದೇ ಮನೆಯಲ್ಲಿ ಅಣ್ಣ ಅಚ್ಚಗನ್ನಡ, ಅಜ್ಜ ಸಂಸ್ಕೃತ! ಅಣ್ಣ ಅಕಾರದಲ್ಲಿ ಮುಗಿದರೂ ದೇಶ್ಯವೇ, ಬಾಲದ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಅಪ್ಪ, ಅಕ್ಕ, ಅಣ್ಣ ಮುಂತಾದ ನಂಟಿನ ಪದಗಳನ್ನು ಅದರಿಂದ ಅಳೆಯಬಾರದು.

ಕಾಲು ಜಾರುವುದೂ ಇಲ್ಲೇ. ರ್ಣ ಹೋಗಿ ಣ್ಣ ಬರುವುದಾದರೆ ಕರ್ಣದಿಂದ ಕಣ್ಣು, ಪರ್ಣದಿಂದ ಹಣ್ಣು ಏಕಾಗಬಾರದು? ಧ್ವನಿ ಹೆಚ್ಚುಕಡಿಮೆ ಒಪ್ಪುತ್ತದೆ, ಅರ್ಥ ಮಾತ್ರ ಸುತರಾಂ ಒಪ್ಪುವುದಿಲ್ಲ. ಕರ್ಣ ಎಂದರೆ ಕಿವಿ, ಪರ್ಣ ಎಂದರೆ ಎಲೆ! ಅನುಮಾನ ಉಳಿದರೆ ನೆರೆಹೊರೆಯನ್ನು ವಿಚಾರಿಸಬೇಕು. ತಮಿಳಿನಲ್ಲಿ ಕಣ್, ತೆಲುಗಿನಲ್ಲಿ ಕನ್ನು, ತುಳುವಿನಲ್ಲಿ ಕಣ್ಣ್. ಇಷ್ಟಕ್ಕೇ ನಿಲ್ಲಬೇಡಿ. ಅಷ್ಟು ದೂರದ ಬಲೂಚಿಸ್ತಾನದಲ್ಲಿ ಬ್ರಾಹುಯಿ ಎಂಬ ದ್ರಾವಿಡ ನುಡಿಯಿದೆ, ಅಲ್ಲಿ ಕಣ್ಣಿಗೆ ಖನ್! ಪಾಕಿಸ್ತಾನದ ಆ ಒಣ ಗುಡ್ಡಗಳ ನಡುವೆ ನಮ್ಮ ಕಣ್ಣು ನಮ್ಮನ್ನೇ ನೋಡುತ್ತಿದೆ.

ಹಾಗೆಂದು ತಮಿಳು-ತೆಲುಗುಗಳಲ್ಲಿ ಇದೆ ಎಂಬುದೊಂದೇ ಸಾಕ್ಷಿಯಾಗದು. ಸುಣ್ಣವೂ ತಮಿಳಿನಲ್ಲಿ ಸುಣ್ಣಾಂಬು, ತೆಲುಗಿನಲ್ಲಿ ಸುನ್ನಂ. ನಾವು ಪಡೆದ ಸಾಲವನ್ನೇ ಅವರೂ ಪಡೆದಿದ್ದಾರೆ. ಆದ್ದರಿಂದ ದಕ್ಷಿಣವನ್ನು ಕೇಳಿದ ಮೇಲೆ ಉತ್ತರವನ್ನೂ ಕೇಳಿ. ಹಿಂದಿಯಲ್ಲಿ ಸುಣ್ಣ ಚೂನಾ, ಹುಣ್ಣಿಮೆ ಪೂನಂ. ಎರಡೂ ದಿಕ್ಕಿನಲ್ಲಿ ನಂಟರಿರುವ ಪದದ ಹಿಂದೆ ಸಂಸ್ಕೃತ ನಿಂತಿರುವ ಸಾಧ್ಯತೆ ಬಹಳ. (ಸಾಧ್ಯತೆ ಎಂದೇ ಹೇಳಬೇಕು. ನೀರ, ಮೀನ ಎಂಬವು ದ್ರಾವಿಡದಿಂದಲೇ ಸಂಸ್ಕೃತಕ್ಕೆ ಹೋದವೆಂದು ವಿದ್ವಾಂಸರು ಹೇಳುತ್ತಾರೆ. ಕಿಟೆಲ್ ತಮ್ಮ 1894ರ ನಿಘಂಟಿನಲ್ಲಿ ಅಂಥ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ.)

ಈಗ ಹುಣ್ಣು ಮತ್ತು ಹುಣ್ಣಿಮೆ. ಮೊದಲರ್ಧ ಪಡಿಯಚ್ಚು! ಆದರೆ ಹುಣ್ಣು ದೇಶ್ಯ, ಹುಣ್ಣಿಮೆ ತದ್ಭವ. ಎರಡರ ಮೊದಲಲ್ಲೂ ಒಂದು ಕಾಲಕ್ಕೆ ಪ ಇತ್ತು. 10ನೆಯ ಶತಮಾನದ ಆಸುಪಾಸಿನಿಂದ ಮುಂದಿನ ಮೂರು-ನಾಲ್ಕು ಶತಮಾನಗಳಲ್ಲಿ ಕನ್ನಡದಲ್ಲಿ ಪದದ ಮೊದಲ ಪ ಮೆಲ್ಲಗೆ ಹ ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಮಂಗಳೂರಿನ ದಸರಾಕ್ಕೆ ಹೋದರೆ ಹುಲಿವೇಷಕ್ಕೆ ಪಿಲಿವೇಷ ಎಂಬ ಕೂಗು ಕೇಳುತ್ತದೆ, ತುಳುವಿಗೆ ಈ ಗಾಳಿ ತಗುಲಲಿಲ್ಲ. ಕನ್ನಡದಲ್ಲಿ ಆ ಗಾಳಿ ಬೀಸುವ ಹೊತ್ತಿಗೆ ಮನೆಯೊಳಗಿದ್ದ ಪದಗಳೆಲ್ಲ ಬದಲಾದವು, ಅವು ಎಲ್ಲಿಂದ ಬಂದವು ಎಂದು ಅದು ಕೇಳಲಿಲ್ಲ. ಅದಕ್ಕೇ ಪರ್ವ ಹಬ್ಬವಾಯಿತು, ಪಕ್ಷಿ ಹಕ್ಕಿಯಾಯಿತು. ಪಂಡಿತರು ಗ್ರಂಥದಿಂದ ಮತ್ತೆ ತಂದ ಪರ್ವ, ಪಕ್ಷಿ, ಪೂರ್ಣಿಮಾ ಮಾತ್ರ ಪಕಾರದಲ್ಲೇ ಉಳಿದವು. ಒಂದೇ ಪದ ನಮ್ಮ ಬಾಯಲ್ಲಿ ಎರಡು ವಯಸ್ಸಿನಲ್ಲಿ ಬದುಕುತ್ತಿದೆ!

ಹಕಾರ ಕಂಡ ಕೂಡಲೇ ಕನ್ನಡವೆಂದು ಹಿಗ್ಗಲೂ ಬೇಡಿ. ಹಾಜರಿ, ಹುಕುಂ, ಹವಾ ಅರಬ್ಬಿಯಿಂದ ಬಂದವು. ಅವುಗಳ ಹ ತೆಗೆದು ಪ ಇಟ್ಟು ನೋಡಿ, ಯಾವ ನೆರೆಭಾಷೆಯಲ್ಲೂ 'ಪಾಜರಿ' ಸಿಗದು.

ಪೋರ್ಚುಗೀಸರು ತಂದ ಪಗಾರ ಹಗಾರವಾಗಲಿಲ್ಲ, ಪಾದ್ರಿ ಹಾದ್ರಿಯಾಗಲಿಲ್ಲ. ಅವರು 1498ರಲ್ಲಿ ಮಲಬಾರಿಗೆ ಬಂದಿಳಿಯುವ ಹೊತ್ತಿಗೆ ಆ ಬದಲಾವಣೆ ಮುಗಿದೇ ಹೋಗಿತ್ತು. ಇಂಗ್ಲಿಷಿನ ಪೆನ್ ಬಂದದ್ದು ಇನ್ನೂ ತಡವಾಗಿ. ಬಂದ ಕೂಡಲೇ ಕನ್ನಡ ಅದಕ್ಕೆ ಕಣ್‌ಗೆ ಮಾಡಿದ್ದನ್ನೇ ಮಾಡಿತು: ವ್ಯಂಜನವನ್ನು ಇಮ್ಮಡಿಸಿ ಉ ಸೇರಿಸಿತು. ಕಣ್ಣು, ಪೆನ್ನು, ಬಸ್ಸು. ಆ ನಿಯಮ ಇವತ್ತಿಗೂ ದುಡಿಯುತ್ತಿದೆ, ಹಾಗಾಗಿ ಬಾಲ ನೋಡಿದರೆ ಪೆನ್ನೂ ಅಚ್ಚಗನ್ನಡದಂತೆಯೇ ಕಾಣುತ್ತದೆ. ಅದನ್ನು ಹಿಡಿದುಕೊಡುವುದು ತಲೆ. ಪೆಣ್ ಹೆಣ್ಣಾಯಿತು, ಪೆನ್ ಪೆನ್ನಾಗಿಯೇ ಉಳಿಯಿತು. ಪೆಣ್ ಮೊದಲೇ ಮನೆಯಲ್ಲಿತ್ತು, ಪೆನ್ ಬಾಗಿಲು ತಟ್ಟುವಾಗ ಆ ಗಾಳಿ ನಿಂತು ಶತಮಾನಗಳಾಗಿದ್ದವು.