ಹೊರಡುವ ಮ್ಯಾನೇಜರ್ ಬರೆಯುವ ನಾಲ್ಕು ಸಾಲು

ವರ್ಗಾವಣೆ ಆದೇಶ ಬಂದಿದೆ, ರಿಲೀವ್ ಆಗುವ ದಿನವೂ ಗೊತ್ತಾಗಿದೆ. ತಾಲ್ಲೂಕು ಕೇಂದ್ರವೊಂದರ ಬ್ಯಾಂಕ್ ಶಾಖೆಯ ಮ್ಯಾನೇಜರ್ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹೀಗೊಂದು ವಿದಾಯ ಸಂದೇಶ ಬರೆಯುತ್ತಾರೆ ಎಂದಿಟ್ಟುಕೊಳ್ಳಿ:

“ಆತ್ಮೀಯರೇ, ಸಿಬ್ಬಂದಿ ಕೊರತೆ, ಮೇಲಿನವರ ಒತ್ತಡ ಎಲ್ಲ ಇದ್ದರೂ ನಾವು ಗುರಿ ಮುಟ್ಟಿದೆವು. ನನ್ನ ಮೇಲೆ ನಂಬಿಕೆ ಇಟ್ಟವರಿಗೆ ಕೃತಜ್ಞತೆಗಳು. ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ, ಮಾಡಿದ್ದೆಲ್ಲ ಶಾಖೆಯ ಒಳಿತಿಗಾಗಿಯೇ. ಹೊಸ ಮ್ಯಾನೇಜರಿಗಾದರೂ ಎಲ್ಲರೂ ಸಹಕಾರ ಕೊಡಿ.”

ಬರೆದವರಿಗೆ ಇದು ಸಭ್ಯವಾಗಿಯೇ ಕಾಣುತ್ತದೆ, ಬೈಗುಳವಂತೂ ಇಲ್ಲ. ಆದರೆ ಪ್ರತಿ ಸಾಲಿನಲ್ಲೂ ಒಂದೊಂದು ಮುಳ್ಳಿದೆ. ಮೊದಲ ಸಾಲು ಪ್ರಾದೇಶಿಕ ಕಚೇರಿಯ ಮೇಲಿನ ದೂರು. ಎರಡನೆಯದನ್ನು ಓದಿದ ಕೂಡಲೇ ‘ಹಾಗಾದರೆ ನಂಬಿಕೆ ಇಡದವರು ಯಾರು’ ಎಂದು ಕೌಂಟರಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೂರನೆಯದು ಕ್ಷಮೆ ಕೇಳಿ, ಅದೇ ಉಸಿರಿನಲ್ಲಿ ತನ್ನದೇ ಸರಿ ಎನ್ನುತ್ತದೆ. ಕೊನೆಯ ಸಾಲಿಗೆ ‘ನನಗಂತೂ ನೀವು ಸಹಕರಿಸಲಿಲ್ಲ’ ಎಂಬುದಲ್ಲದೆ ಬೇರೆ ಅರ್ಥವೇ ಇಲ್ಲ.

ವಿದಾಯದ ಮಾತನ್ನು ಜನ ಇಷ್ಟು ಸೂಕ್ಷ್ಮವಾಗಿ ಓದುವುದಕ್ಕೆ ಕಾರಣವಿದೆ. ಅದು ಕೊನೆಯ ಮಾತು, ತಿರುಗಿ ಕೇಳಲು ಆ ಮನುಷ್ಯ ನಾಳೆ ಕುರ್ಚಿಯಲ್ಲಿ ಇರುವುದಿಲ್ಲ. ಹೇಳದೆ ಬಿಟ್ಟದ್ದನ್ನೂ ಓದುತ್ತಾರೆ. ರಿಸರ್ವ್ ಬ್ಯಾಂಕಿನ ಗವರ್ನರ್ ಊರ್ಜಿತ್ ಪಟೇಲ್ 2018ರ ಡಿಸೆಂಬರ್ 10ರಂದು ರಾಜೀನಾಮೆ ಕೊಟ್ಟಾಗ ಅವರ ಹೇಳಿಕೆ ಬಹಳ ಚಿಕ್ಕದಾಗಿತ್ತು. ವೈಯಕ್ತಿಕ ಕಾರಣ ಎಂದಷ್ಟೇ ಹೇಳಿ, ಬ್ಯಾಂಕಿನ ಸಿಬ್ಬಂದಿ, ಅಧಿಕಾರಿಗಳು ಮತ್ತು ಕೇಂದ್ರ ಮಂಡಳಿಯ ನಿರ್ದೇಶಕರನ್ನು ನೆನೆದಿದ್ದರು. ಅದರಲ್ಲಿ ಸರ್ಕಾರಕ್ಕೆ ಧನ್ಯವಾದ ಇರಲಿಲ್ಲ ಎಂಬುದನ್ನು ಅನೇಕರು ಗಮನಿಸಿದರು. ದೇಶದ ಮಟ್ಟದಲ್ಲೇ ಹೀಗಿರುವಾಗ ಹತ್ತು ಜನರ ಶಾಖೆಯಲ್ಲಿ ಕ್ಯಾಷಿಯರ್ ಹೆಸರು ಹೇಳಿ ಅಟೆಂಡರ್ ಹೆಸರು ಬಿಟ್ಟರೆ ಆ ನೋವು ಬಹಳ ದಿನ ಉಳಿಯುತ್ತದೆ.

ಅದಕ್ಕೇ ನಾನು ಹೇಳುವುದು, ಸಂದೇಶದಲ್ಲಿ ವ್ಯಕ್ತಿಗಳ ಹೆಸರು ಬೇಡ, ಎಲ್ಲರೂ ಸೇರಿ ಮಾಡಿದ ಒಂದು ಕೆಲಸದ ಹೆಸರು ಇರಲಿ. ‘ನಿಮ್ಮೆಲ್ಲರ ಅಮೂಲ್ಯ ಸಹಕಾರಕ್ಕೆ’ ಎಂದರೆ ಯಾರ ಎದೆಗೂ ತಾಗುವುದಿಲ್ಲ. ಮಾರ್ಚ್ 31ರ ರಾತ್ರಿ ಲೆಕ್ಕ ಹೊಂದುವವರೆಗೆ ಯಾರೂ ಎದ್ದು ಹೋಗದೆ ಕೂತದ್ದನ್ನು ಹೇಳಿದರೆ ಅಲ್ಲಿದ್ದ ಪ್ರತಿಯೊಬ್ಬರಿಗೂ ‘ಅದು ನಾನೇ’ ಎನಿಸುತ್ತದೆ. ಒಬ್ಬರಿಗೆಂದೇ ಹೇಳಬೇಕಾದ ಧನ್ಯವಾದವಿದ್ದರೆ ಅವರ ಮೇಜಿನ ಬಳಿ ಹೋಗಿ ಹೇಳುವುದೇ ಚೆಂದ.

ಅದೇ ಮ್ಯಾನೇಜರ್ ಮತ್ತೆ ಕೂತು ಬರೆದರೆ ಹೀಗಿರಬಹುದು:

“ಪ್ರಿಯ ಸಹೋದ್ಯೋಗಿಗಳೇ, ಶುಕ್ರವಾರ ಈ ಶಾಖೆಯಲ್ಲಿ ನನ್ನ ಕೊನೆಯ ದಿನ. ಮಾರ್ಚ್ 31ರ ರಾತ್ರಿ ಲೆಕ್ಕ ಹೊಂದುವವರೆಗೆ ನೀವೆಲ್ಲ ನನ್ನ ಜೊತೆ ಕೂತಿದ್ದನ್ನು, ಪಿಂಚಣಿಯ ದಿನ ಸರ್ವರ್ ಕೈಕೊಟ್ಟಾಗ ಹಿರಿಯರನ್ನು ಕೂರಿಸಿ ನೀರು ಕೊಟ್ಟು ಮಾತನಾಡಿಸಿದ್ದನ್ನು ನಾನು ಮರೆಯುವುದಿಲ್ಲ. ಜನರ ಜೊತೆ ಹೇಗಿರಬೇಕೆಂದು ನಿಮ್ಮನ್ನು ನೋಡಿ ಕಲಿತೆ. ಸೋಮವಾರದಿಂದ ಹೊಸ ಮ್ಯಾನೇಜರ್ ಚಾರ್ಜ್ ತೆಗೆದುಕೊಳ್ಳುತ್ತಾರೆ. ಬಾಕಿ ಇರುವ ಸಾಲದ ಕಡತಗಳ ಪಟ್ಟಿಯನ್ನು ಅವರಿಗೆ ಕೊಟ್ಟಿದ್ದೇನೆ. ನನ್ನ ನಂಬರ್ ಇದೇ ಇರುತ್ತದೆ, ಯಾವಾಗ ಬೇಕಾದರೂ ಫೋನ್ ಮಾಡಿ. ಎಲ್ಲರಿಗೂ ಒಳ್ಳೆಯದಾಗಲಿ.”

ಇದು ಮೊಬೈಲ್ ಪರದೆಯಲ್ಲಿ ಹೆಚ್ಚು ಕಡಿಮೆ ಒಂದೇ ನೋಟಕ್ಕೆ ಮುಗಿಯುತ್ತದೆ. ಗುರಿ, ಸಾಧನೆ, ಠೇವಣಿಯ ಅಂಕಿ ಯಾವುದೂ ಇಲ್ಲ. ಅವು ಚಾರ್ಜ್ ವರದಿಯಲ್ಲಿ ಇದ್ದೇ ಇರುತ್ತವೆ. ಕಡತಗಳ ಬಗೆಗಿನ ಒಂದು ಸಾಲನ್ನು ಮಾತ್ರ ಬಿಡಬೇಡಿ. ‘ನಮ್ಮ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗಲಿಲ್ಲ’ ಎಂಬ ಸಮಾಧಾನ ಸಿಬ್ಬಂದಿಗೆ ಸಿಗುವುದು ಅದರಿಂದಲೇ.

ಕಳಿಸುವ ಸಮಯವೂ ಮುಖ್ಯ. ಆದೇಶ ಅಧಿಕೃತವಾಗುವ ಮೊದಲು ಕಳಿಸಿದರೆ ಗಾಳಿಸುದ್ದಿಗೆ ದಾರಿ, ರಿಲೀವ್ ಆದ ರಾತ್ರಿ ಕಳಿಸಿದರೆ ಎದುರು ಸಿಕ್ಕಿ ಮಾತನಾಡಲು ಯಾರಿಗೂ ಅವಕಾಶವಿಲ್ಲ. ಕೊನೆಯ ದಿನದ ಹಿಂದಿನ ಸಂಜೆ ಸರಿಯಾದ ಹೊತ್ತು. ಅದಕ್ಕೂ ಮೊದಲು ಸಂದೇಶವನ್ನು ಹೊಸದಾಗಿ ಬರುವ ಮ್ಯಾನೇಜರ್ ಓದಿದಂತೆ ಒಮ್ಮೆ, ನಿಮ್ಮೊಂದಿಗೆ ಜಗಳವಾಡಿದ್ದ ಸಿಬ್ಬಂದಿ ಓದಿದಂತೆ ಒಮ್ಮೆ ಓದಿಕೊಳ್ಳಿ. ಇಬ್ಬರಲ್ಲಿ ಒಬ್ಬರಿಗೆ ಚುಚ್ಚುವ ಸಾಲು ಕಂಡರೆ ತಿದ್ದಲು ಹೋಗದೆ ತೆಗೆದೇ ಬಿಡಿ. ಅಂಥ ಸಾಲನ್ನು ಮೆದು ಮಾಡಿದಷ್ಟೂ ಅದರ ಮೊನೆ ಚೂಪಾಗುತ್ತದೆ.

ದೂರು ನಿಜವಿದ್ದರೆ ಅದನ್ನು ನುಂಗಿಕೊಳ್ಳಬೇಕೆಂದಲ್ಲ. ಸಿಬ್ಬಂದಿ ಕೊರತೆಯಿಂದ ಶಾಖೆ ನಲುಗುತ್ತಿದ್ದರೆ ಅದನ್ನು ತಾರೀಖು, ಹುದ್ದೆಗಳ ಸಂಖ್ಯೆ ಸಮೇತ ಪ್ರಾದೇಶಿಕ ಕಚೇರಿಗೆ ಬೇರೆಯೇ ಪತ್ರದಲ್ಲಿ, ನಿಮ್ಮ ಸಹಿ ಹಾಕಿ, ರಿಲೀವ್ ಆಗುವ ಮೊದಲೇ ಬರೆಯಿರಿ.